ಬೇಡಿಕೆಯನ್ನು ಕುಗ್ಗಿಸುವ ಮಾತುಗಳು

ಹಳ್ಳಿಯ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿಯೊಬ್ಬರು ಗ್ರಾಮ ಪಂಚಾಯಿತಿಯ ಪಿಡಿಒಗೆ ಬರೆಯುತ್ತಿರುವ ಕರಡು ಎಂದುಕೊಂಡು ಇದನ್ನು ಓದಿ. ಉದಾಹರಣೆಗಾಗಿ ನಾನೇ ಕಟ್ಟಿದ ಪತ್ರ ಇದು. ಆದರೆ ಇದರ ಒಂದೊಂದು ಮಾತೂ ನಮ್ಮ ಅರ್ಜಿಗಳಲ್ಲಿ ದಿನವೂ ಕಾಣುವಂಥದ್ದು.

“ಮಾನ್ಯರೇ, ಕೆಲವು ದಿನಗಳಿಂದ ನಮ್ಮ ಶಾಲೆಯ ಶೌಚಾಲಯಕ್ಕೆ ನೀರು ಸರಿಯಾಗಿ ಬರುತ್ತಿಲ್ಲವೇನೋ ಅನಿಸುತ್ತಿದೆ. ಬಹುಶಃ ಪೈಪಿನಲ್ಲಿ ಏನೋ ತೊಂದರೆ ಇರಬಹುದು. ತಮಗೆ ಬಿಡುವಿದ್ದಾಗ, ಸಾಧ್ಯವಾದರೆ, ಈ ಕಡೆ ಸ್ವಲ್ಪ ಗಮನ ಹರಿಸಿ ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಂಡರೆ ಉಪಕಾರವಾಗುತ್ತಿತ್ತು. ಸುಮ್ಮನೆ ತಮ್ಮ ಗಮನಕ್ಕೆ ತರೋಣವೆಂದು ಬರೆದಿದ್ದೇನೆ.”

ಪತ್ರ ವಿನಯವಾಗಿದೆ, ಒಳ್ಳೆಯ ಮನಸ್ಸಿನಿಂದ ಬರೆದದ್ದೂ ಹೌದು. ಆದರೆ ಇದು ಕಚೇರಿ ತಲುಪಿ, ಆವಕ ಸಂಖ್ಯೆ ಬಿದ್ದು, ಕೇಸ್ ವರ್ಕರ್ ಮೇಜಿಗೆ ಬಂದಾಗ ಏನಾಗುತ್ತದೆ ನೋಡಿ. ಆತ ಕಡತದಲ್ಲಿ ಒಂದು ಟಿಪ್ಪಣಿ ಬರೆಯಬೇಕು. ‘ಅರ್ಜಿದಾರರು ಇಂಥದ್ದನ್ನು ಕೋರಿರುತ್ತಾರೆ’ ಎಂದು ಆ ಟಿಪ್ಪಣಿ ಶುರುವಾಗುತ್ತದೆ. ಇಲ್ಲಿ ಕೋರಿರುವುದು ಏನು? ಗಮನ ಹರಿಸುವುದು. ಯಾವಾಗ? ಬಿಡುವಿದ್ದಾಗ. ನೀರು ನಿಂತಿದೆಯೇ? ನಿಂತಿದೆ ಎಂದು ಬರೆದವರೇ ಹೇಳಿಲ್ಲ, ಹಾಗೆ ಅನಿಸುತ್ತಿದೆ ಎಂದಿದ್ದಾರೆ. ‘ಗಮನಿಸಲಾಗಿದೆ’ ಎಂದು ಸಹಿ ಹಾಕಿ ಕಡತ ಮುಚ್ಚಿದರೂ ಆ ಕಚೇರಿ ಪತ್ರ ಕೇಳಿದ್ದನ್ನು ಮಾಡಿದಂತೆಯೇ ಆಯಿತು.

ಇಂಥ ಮಾತುಗಳನ್ನು ಹುಡುಕಿ ತೆಗೆಯಬೇಕು ಎಂದರೆ ಎಲ್ಲರಲ್ಲೂ ಹುಟ್ಟುವ ಭಯ ಒಂದೇ: ತೆಗೆದರೆ ಒರಟಾಗುವುದಿಲ್ಲವೇ? ಈ ಭಯಕ್ಕೆ ಕಾರಣವಿದೆ. ಮರ್ಯಾದೆಯ ಮಾತಿನ ಬಗ್ಗೆ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ವಿದ್ವಾಂಸರು 1978ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. 1987ರಲ್ಲಿ ಅದು ಪುಸ್ತಕವಾಗಿ ಬಂತು. ಇಂಗ್ಲಿಷ್, ಮೆಕ್ಸಿಕೋದ ತ್ಸೆಲ್ತಾಲ್ ಮತ್ತು ನಮ್ಮ ಪಕ್ಕದ ತಮಿಳನ್ನು ಇಟ್ಟುಕೊಂಡು ಅವರು ಮಾಡಿದ ವಿಶ್ಲೇಷಣೆಯ ತಿರುಳು ಇಷ್ಟು: ಏನನ್ನಾದರೂ ಕೇಳುವುದೆಂದರೆ ಎದುರಿನವರ ಸ್ವಾತಂತ್ರ್ಯಕ್ಕೆ ಕೈ ಹಾಕಿದಂತೆ. ಎದುರಿನವರ ಅಧಿಕಾರ ಹೆಚ್ಚಿದಷ್ಟೂ, ಪರಿಚಯ ಕಡಿಮೆಯಾದಷ್ಟೂ, ಕೇಳುವ ಸಹಾಯ ದೊಡ್ಡದಾದಷ್ಟೂ ನಾವು ಮಾತನ್ನು ಮೆದುಗೊಳಿಸುತ್ತೇವೆ. ಹಾಗಾಗಿ ಯಾರಿಗೆ ಕೆಲಸ ಆಗಲೇಬೇಕಾದ ತುರ್ತು ಹೆಚ್ಚೋ, ಯಾರ ಕೈಯಲ್ಲಿ ಅಧಿಕಾರ ಕಡಿಮೆಯೋ, ಅವರ ಪತ್ರವೇ ಅತಿ ಮೆತ್ತಗೆ ಇರುತ್ತದೆ. ನನಗೆ ಬೇಸರ ತರಿಸುವುದು ಇದೇ. ಪಿಡಿಒ ಶಾಲೆಗೆ ಪತ್ರ ಬರೆದರೆ ಅದರಲ್ಲಿ ‘ಬಿಡುವಿದ್ದಾಗ’ ಇರುವುದಿಲ್ಲ.

ಆದರೆ ಕನ್ನಡದಲ್ಲಿ ಬರೆಯುವವರಿಗೆ ಒಂದು ಅನುಕೂಲವಿದೆ. ನಮ್ಮಲ್ಲಿ ಗೌರವ ಕ್ರಿಯಾಪದದ ಒಳಗೇ ಇದೆ. ‘ಮಾಡಿಸು’ ಎನ್ನುವುದಕ್ಕೂ ‘ಮಾಡಿಸಿ’ ಎನ್ನುವುದಕ್ಕೂ ‘ಮಾಡಿಸಿಕೊಡಬೇಕೆಂದು ವಿನಂತಿ’ ಎನ್ನುವುದಕ್ಕೂ ಎಷ್ಟು ಅಂತರ! ‘ಮಾನ್ಯರೇ’ ಇದೆ, ‘ತಾವು’ ಇದೆ, ‘ದಯವಿಟ್ಟು’ ಇದೆ. ಇವು ಯಾವುವೂ ಬೇಡಿಕೆಯನ್ನು ಕುಗ್ಗಿಸುವುದಿಲ್ಲ. ‘ಬಹುಶಃ’, ‘ಸ್ವಲ್ಪ’, ‘ಸಾಧ್ಯವಾದರೆ’ಗಳನ್ನು ತೆಗೆದ ಮೇಲೂ ಮರ್ಯಾದೆ ಇದ್ದಲ್ಲೇ ಇರುತ್ತದೆ.

ಈಗ ಕರಡಿಗೆ ಬರೋಣ. ಮೊದಲ ಎರಡು ವಾಕ್ಯಗಳು ಸಂಗತಿಯನ್ನು ಹೇಳಬೇಕಾದವು. ಅಲ್ಲಿ ‘ಏನೋ’, ‘ಅನಿಸುತ್ತಿದೆ’, ‘ಬಹುಶಃ’, ‘ಇರಬಹುದು’ ಎಂದು ನಾಲ್ಕು ಕಡೆ ಅನುಮಾನ ಕೂತಿದೆ. ಒಂದೊಂದನ್ನೂ ಮುಟ್ಟಿ ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ನನಗೆ ನಿಜವಾಗಿ ಗೊತ್ತಿಲ್ಲವೋ, ಅಥವಾ ಗೊತ್ತಿದ್ದೂ ಹೇಳಲು ಹಿಂಜರಿಯುತ್ತಿದ್ದೇನೋ? ನಲ್ಲಿ ತಿರುಗಿಸಿದರೆ ನೀರಿಲ್ಲ. ಇದು ಕಣ್ಣಾರೆ ಕಂಡದ್ದು, ಅನಿಸಿಕೆಯಲ್ಲ. ಯಾವ ದಿನದಿಂದ ಇಲ್ಲ ಎಂಬುದೂ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಮೊದಲ ವಾಕ್ಯದ ಅನುಮಾನ ಹೋಗಬೇಕು, ಅದರ ಜಾಗಕ್ಕೆ ದಿನಾಂಕ ಬರಬೇಕು. ಎರಡನೆಯ ವಾಕ್ಯದ ವಿಷಯ ಬೇರೆ. ಗೇಟಿನ ಹತ್ತಿರ ಪೈಪು ಒಡೆದಿರುವುದು ಕಾಣುತ್ತಿದೆ, ಆದರೆ ನೀರು ನಿಂತದ್ದಕ್ಕೆ ಅದೇ ಕಾರಣವೋ ಅಥವಾ ವಾಲ್ವ್ ಕೆಟ್ಟಿದೆಯೋ ಎಂಬುದು ಶಿಕ್ಷಕಿಗೆ ತಿಳಿಯದು. ಅಲ್ಲಿ ‘ಇರಬಹುದು’ ಪ್ರಾಮಾಣಿಕವಾದ ಮಾತು, ಉಳಿಯಲೇಬೇಕು. ಯಾರು ಹಾಗೆ ಹೇಳಿದರು ಎಂಬುದನ್ನೂ ಸೇರಿಸಿದರೆ ಆ ಅನುಮಾನಕ್ಕೂ ತೂಕ ಬರುತ್ತದೆ. ಖಚಿತವಿಲ್ಲದ್ದನ್ನು ಖಚಿತವೆಂದು ಬರೆದು, ಸ್ಥಳಕ್ಕೆ ಬಂದ ಎಂಜಿನಿಯರ್ ಬೇರೆ ಕಾರಣ ಕಂಡುಹಿಡಿದರೆ, ಪತ್ರದ ಉಳಿದ ನಿಜಗಳ ಮೇಲೂ ಅವರ ನಂಬಿಕೆ ಸಡಿಲವಾಗುತ್ತದೆ.

ಮೂರನೆಯ ವಾಕ್ಯದಲ್ಲಿ ಅರ್ಜಿಯ ಜೀವವೇ ಇದೆ, ಹಾಳಾಗಿರುವುದೂ ಅಲ್ಲೇ. ‘ಸ್ವಲ್ಪ’ ಆಡುಮಾತಿನಲ್ಲಿ ತುಂಬ ಚೆಂದದ ಪದ. ‘ಸ್ವಲ್ಪ ಬಾಗಿಲು ಹಾಕಿ’ ಎಂದರೆ ಅರ್ಧ ಬಾಗಿಲು ಹಾಕಿ ಎಂದು ಯಾರೂ ತಿಳಿಯುವುದಿಲ್ಲ. ದನಿ, ಮುಖ, ಸನ್ನೆ ಎಲ್ಲವೂ ಜೊತೆಗಿರುತ್ತವೆ. ಕಾಗದದ ಮೇಲೆ ಅವು ಯಾವುವೂ ಇಲ್ಲ, ಅಲ್ಲಿ ಸ್ವಲ್ಪ ಗಮನ ಎಂದರೆ ಸ್ವಲ್ಪವೇ ಗಮನ. ‘ಬಿಡುವಿದ್ದಾಗ’, ‘ಸಾಧ್ಯವಾದರೆ’ ಎಂಬವು ಆಗುವುದಿಲ್ಲ ಎನ್ನಲು ನಾವೇ ತೆರೆದುಕೊಟ್ಟ ಬಾಗಿಲುಗಳು. ‘ಕೈಗೊಂಡರೆ ಉಪಕಾರವಾಗುತ್ತಿತ್ತು’ ಎಂಬ ರೂಪವಂತೂ ಕೆಲಸ ಈಗಾಗಲೇ ಆಗದೇ ಉಳಿಯಿತು ಎಂಬ ದನಿಯಲ್ಲಿದೆ. ಕನ್ನಡದ ಕರಡು ತಿದ್ದುವವರಿಗೆ ಇದೇ ಕಷ್ಟದ ಭಾಗ. ಇಂಗ್ಲಿಷಿನ ‘ಜಸ್ಟ್’, ‘ಮೇಬಿ’ಗಳನ್ನು ಪದ ಹುಡುಕಿ ತೆಗೆಯಬಹುದು. 2015ರ ಕೊನೆಗೆ ಜಿಮೇಲ್‌ಗೆಂದು ‘ಜಸ್ಟ್ ನಾಟ್ ಸಾರಿ’ ಎಂಬ ಪುಟ್ಟ ತಂತ್ರಾಂಶವೂ ಬಂತು, ಕರಡಿನಲ್ಲಿ ಇಂಥ ಪದ ಕಂಡರೆ ಅದು ಕೆಳಗೆ ಗೆರೆ ಎಳೆಯುತ್ತಿತ್ತು. ಕನ್ನಡದಲ್ಲಿ ಅನುಮಾನ ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತದೆ: ಬರಬಹುದೇನೋ, ಮಾಡಿದ್ದರೆ, ಕೊಡಲಾಗುತ್ತದೆಯೇ, ಕೇಳೋಣವೆಂದು. ಹಾಗಾಗಿ ಕರಡಿನ ಪ್ರತಿ ಕ್ರಿಯಾಪದದ ಕೆಳಗೂ ಗೆರೆ ಎಳೆದು, ಅದರ ಕೊನೆಯನ್ನು ಗಟ್ಟಿಯಾಗಿ ಓದುವುದೇ ನನಗೆ ತಿಳಿದ ಒಳ್ಳೆಯ ದಾರಿ.

ಅದೇ ವಾಕ್ಯದಲ್ಲಿ ಗಟ್ಟಿ ಮಾತಿನ ವೇಷ ಹಾಕಿಕೊಂಡ ಎರಡು ಸಡಿಲ ಮಾತುಗಳಿವೆ. ‘ಆದಷ್ಟು ಬೇಗ’ ತುರ್ತಿನಂತೆ ಕೇಳಿಸುತ್ತದೆ, ಆದರೆ ಅದಕ್ಕೆ ಗಡುವಿಲ್ಲ. ‘ಸೂಕ್ತ ಕ್ರಮ’ ಅಧಿಕೃತವಾಗಿ ಕೇಳಿಸುತ್ತದೆ, ಆದರೆ ಯಾವುದು ಸೂಕ್ತ ಎಂಬುದನ್ನು ಓದುವವರ ಇಷ್ಟಕ್ಕೆ ಬಿಡುತ್ತದೆ. ಪೈಪು ಬದಲಿಸುವುದು ಒಂದು ಕ್ರಮ, ಪತ್ರವನ್ನು ಇನ್ನೊಂದು ಇಲಾಖೆಗೆ ಕಳುಹಿಸುವುದೂ ಒಂದು ಕ್ರಮವೇ. ‘ಬಹುಶಃ’ ತೆಗೆದುಹಾಕಿ ಇವನ್ನು ಉಳಿಸಿಕೊಂಡರೆ ಪತ್ರ ಇದ್ದಲ್ಲೇ ಇರುತ್ತದೆ. ಕೊನೆಯ ವಾಕ್ಯದ ‘ಸುಮ್ಮನೆ’ಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಇಡೀ ವಾಕ್ಯವನ್ನೇ ಹೊಡೆದುಹಾಕಿದರಾಯಿತು.

ತಿದ್ದಿದ ಪತ್ರ ಹೀಗಿರುತ್ತದೆ:

“ವಿಷಯ: ಶಾಲಾ ಶೌಚಾಲಯದ ನೀರಿನ ಪೈಪು ದುರಸ್ತಿ ಮಾಡಿಸಿಕೊಡುವಂತೆ ಕೋರಿ.

ಮಾನ್ಯರೇ, ಜೂನ್ 10ರಿಂದ ನಮ್ಮ ಶಾಲೆಯ ಶೌಚಾಲಯದ ನಲ್ಲಿಗಳಿಗೆ ನೀರು ಬಂದಿಲ್ಲ. ಶಾಲೆಯ ಗೇಟಿನ ಬಳಿ ಪೈಪು ಒಡೆದು ನೀರು ರಸ್ತೆಗೆ ಹರಿಯುತ್ತಿದೆ. ಅದೇ ಕಾರಣವಿರಬಹುದು ಎಂದು ನೀರುಗಂಟಿಯವರು ತಿಳಿಸಿದ್ದಾರೆ. ಶಾಲೆಯಲ್ಲಿ 64 ಹೆಣ್ಣುಮಕ್ಕಳಿದ್ದು, ಶೌಚಾಲಯಕ್ಕೆ ಬೀಗ ಹಾಕಬೇಕಾಗಿ ಬಂದಿದೆ. ದಯವಿಟ್ಟು ಜೂನ್ 25ರೊಳಗೆ ಪೈಪು ದುರಸ್ತಿ ಮಾಡಿಸಿಕೊಡಬೇಕೆಂದೂ, ಅಲ್ಲಿಯವರೆಗೆ ಶೌಚಾಲಯದ ತೊಟ್ಟಿಗೆ ಟ್ಯಾಂಕರ್ ನೀರು ತುಂಬಿಸಬೇಕೆಂದೂ ತಮ್ಮಲ್ಲಿ ವಿನಂತಿಸುತ್ತೇನೆ.”

ಇದರಲ್ಲಿ ಅವಿನಯದ ಮಾತು ಒಂದೂ ಇಲ್ಲ. ಕೇಸ್ ವರ್ಕರ್ ಇನ್ನು ಟಿಪ್ಪಣಿಗೆ ತಡಕಾಡಬೇಕಿಲ್ಲ, ಪತ್ರದ ಕೊನೆಯ ವಾಕ್ಯವನ್ನೇ ಇಳಿಸಿಕೊಳ್ಳಬಹುದು. ‘ಆಗುವುದಿಲ್ಲ’ ಎನ್ನಬೇಕಾದರೆ ಯಾವುದು ಆಗುವುದಿಲ್ಲ, ಏಕೆ ಎಂದು ಬರೆಯಬೇಕಾಗುತ್ತದೆ. ಜೂನ್ 26ಕ್ಕೂ ನೀರು ಬರದಿದ್ದರೆ ಶಿಕ್ಷಕಿ ಇದೇ ಪತ್ರವನ್ನು ಉಲ್ಲೇಖಿಸಿ ತಾಲ್ಲೂಕು ಪಂಚಾಯಿತಿಗೆ ಬರೆಯಬಹುದು. ಮೊದಲಿನ ಕರಡನ್ನು ಉಲ್ಲೇಖಿಸಿದ್ದರೆ, ‘ನೀವು ಕೇಳಿದ್ದಾದರೂ ಏನು?’ ಎಂಬ ಪ್ರಶ್ನೆ ಅವರಿಗೇ ತಿರುಗಿ ಬರುತ್ತಿತ್ತು.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಹಿಂಜರಿಕೆಗೆ ಇನ್ನೂ ಹೆಚ್ಚಿನ ಬೆಲೆ ತೆರಬೇಕಾಗುತ್ತದೆ. 2005ರ ಕಾಯ್ದೆಯ ಪ್ರಕಾರ ಅರ್ಜಿದಾರರು ಮಾಹಿತಿ ಏಕೆ ಬೇಕು ಎಂಬ ಕಾರಣ ಕೊಡಬೇಕಾಗಿಲ್ಲ. ಕಚೇರಿ ಕೊಡಬೇಕಾದದ್ದು ತನ್ನ ಬಳಿ ಇರುವ ದಾಖಲೆಯನ್ನು, ಸಾಮಾನ್ಯವಾಗಿ 30 ದಿನಗಳೊಳಗೆ. ‘ನಮ್ಮೂರ ರಸ್ತೆ ಕೆಲಸ ಸರಿಯಾಗಿ ಆಗಿಲ್ಲವೇನೋ ಅನಿಸುತ್ತದೆ, ಸ್ವಲ್ಪ ಮಾಹಿತಿ ಸಿಕ್ಕರೆ ಒಳ್ಳೆಯದಿತ್ತು’ ಎಂದು ಬರೆದರೆ ಅದರಲ್ಲಿ ದಾಖಲೆಯ ಹೆಸರೇ ಇಲ್ಲ. ಕೆಲಸದ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್‌ಗಳ ಪ್ರತಿ ಎಂದು ಬರೆದರೆ ಇದೆ. ಅನುಮಾನವನ್ನು ಅರ್ಜಿಯಲ್ಲಿ ಹೇಳಿಕೊಳ್ಳುವ ಅಗತ್ಯವೇ ಇಲ್ಲ, ದಾಖಲೆ ಕೈಗೆ ಬಂದ ಮೇಲೆ ಅದನ್ನು ಪರೀಕ್ಷಿಸಬಹುದು.

ಈ ಸಲಹೆ ಎಲ್ಲರಿಗೂ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್ 1975ರ ತಮ್ಮ ಪುಸ್ತಕದಲ್ಲಿ, ಇಂಥ ಅನುಮಾನದ ಮಾತುಗಳನ್ನು ಸಮಾಜ ಹೆಣ್ಣುಮಕ್ಕಳಿಗೆ ಕಲಿಸಿ, ಆಮೇಲೆ ಅದೇ ಕಾರಣಕ್ಕೆ ಅವರ ಮಾತನ್ನು ಹಗುರವಾಗಿ ಕಾಣುತ್ತದೆ ಎಂದು ವಾದಿಸಿದರು. ನಮ್ಮ ಕಚೇರಿಗಳಲ್ಲೂ ಮೇಲಧಿಕಾರಿಗೆ ನೇರವಾಗಿ ಬರೆದ ಗಂಡಸು ಚುರುಕು, ಹಾಗೆಯೇ ಬರೆದ ಹೆಂಗಸು ಗಯ್ಯಾಳಿ ಎನ್ನುವವರಿದ್ದಾರೆ. ತಪ್ಪು ಓದುವವರದ್ದು, ಆದರೆ ಪೆಟ್ಟು ತಿನ್ನುವವರು ಬರೆದವರು. ಅಂಥ ಜಾಗದಲ್ಲಿ ಪತ್ರದ ಆರಂಭದಲ್ಲಿ ಒಂದು ಸೌಜನ್ಯದ ವಾಕ್ಯವನ್ನೂ, ಬೇಡಿಕೆಯ ಪಕ್ಕದಲ್ಲೇ ಅದರ ಕಾರಣವನ್ನೂ ಇಟ್ಟುಕೊಂಡು, ಸಂಗತಿ ಮತ್ತು ಗಡುವಿನ ಮಾತುಗಳನ್ನು ಮಾತ್ರ ಬಿಗಿಯಾಗಿಡುವುದು ಕ್ಷೇಮ.

ಇನ್ನು, ಕೆಲವು ಬೇಡಿಕೆಗಳಿಗೆ ಸಡಿಲ ಮಾತೇ ಸರಿ. ಅದೇ ಶಿಕ್ಷಕಿ ಊರಿನ ನಿವೃತ್ತ ವೈದ್ಯರೊಬ್ಬರಿಗೆ ಮಕ್ಕಳೊಡನೆ ಒಂದು ಗಂಟೆ ಮಾತಾಡಲು ಬನ್ನಿ ಎಂದು ಬರೆಯುತ್ತಿದ್ದರೆ ‘ತಮಗೆ ಬಿಡುವಿದ್ದರೆ’ ಎಂಬುದು ನಿಜವಾದ ಷರತ್ತು. ಅವರಿಗೆ ಬರುವ ಕರ್ತವ್ಯವಿಲ್ಲ, ಬಾರದಿರುವ ಹಕ್ಕಿದೆ. ಆ ಹಕ್ಕನ್ನು ಪತ್ರ ಒಪ್ಪಿಕೊಳ್ಳಬೇಕು. ಅಲ್ಲಿ ಸೇರಿಸಬೇಕಾದದ್ದು ಒಂದೇ: ಕಾರ್ಯಕ್ರಮದ ದಿನ, ಮತ್ತು ಬೇರೊಬ್ಬರನ್ನು ಕೇಳಲು ಸಮಯ ಉಳಿಯುವಂತೆ, ಯಾವ ದಿನದೊಳಗೆ ತಿಳಿಸಬೇಕು ಎಂಬುದು.