ಹಲ್ಲಿನ ಡಾಕ್ಟರ ರೆಸ್ಯೂಮೆ: ಲೆಕ್ಕ ತಾಳೆಯಾಗಬೇಕು

ಬಿಡಿಎಸ್ ಮುಗಿಸಿ ಒಂದು ವರ್ಷ ಎಲ್ಲಾದರೂ ಕೆಲಸ ಮಾಡಿದ ದಂತವೈದ್ಯರು ಇನ್ನೊಂದು ಖಾಸಗಿ ಕ್ಲಿನಿಕ್‌ಗೆ ಅರ್ಜಿ ಹಾಕುತ್ತಾರೆ ಎನ್ನೋಣ. ರೆಸ್ಯೂಮೆಯಲ್ಲಿ ಎರಡು ಸಾಲು ಎದ್ದು ಕಾಣುತ್ತವೆ: ‘ದಿನಕ್ಕೆ ಸರಾಸರಿ 8 ರೋಗಿಗಳು’, ‘600 ರೂಟ್ ಕೆನಾಲ್ ಚಿಕಿತ್ಸೆ’. ಓದುವವರಿಗೆ ಎರಡೂ ಚೆನ್ನಾಗಿಯೇ ಕೇಳಿಸುತ್ತವೆ. ಆದರೆ ಅದನ್ನು ಓದುವ ಕ್ಲಿನಿಕ್ ಮಾಲೀಕರೂ ಸಾಮಾನ್ಯವಾಗಿ ದಂತವೈದ್ಯರೇ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾರೆ.

ವರ್ಷಕ್ಕೆ 300 ದಿನ ಕೆಲಸ, ದಿನಕ್ಕೆ 8 ಜನ ಅಂದರೆ 2,400 ಭೇಟಿ. ರೂಟ್ ಕೆನಾಲ್ ಎಂದರೆ ಹಲ್ಲಿನೊಳಗಿನ ಕೆಟ್ಟ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಶುಚಿ ಮಾಡಿ ತುಂಬುವ ಚಿಕಿತ್ಸೆ. ಕೆಲವು ಹಲ್ಲುಗಳಿಗೆ ಒಂದೇ ದಿನದಲ್ಲಿ ಮುಗಿಯಬಹುದಾದರೂ ಅನೇಕ ಕ್ಲಿನಿಕ್‌ಗಳಲ್ಲಿ ಎರಡು ಮೂರು ಭೇಟಿ ಬೇಕು. ಮೂರರಂತೆ ಹಿಡಿದರೆ 600 ಹಲ್ಲಿಗೆ 1,800 ಭೇಟಿ. ಆಮೇಲೆ ಹಲ್ಲಿಗೆ ಕ್ಯಾಪ್ ಹಾಕಬೇಕು: ಅಳತೆ ತೆಗೆಯಲು ಒಂದು ಭೇಟಿ, ಕೂರಿಸಲು ಇನ್ನೊಂದು. ಎಲ್ಲರಿಗೂ ಕ್ಯಾಪ್ ಹಾಕಿದ್ದರೆ ಮತ್ತೆ 1,200 ಭೇಟಿ. ಒಟ್ಟು 3,000. ಅಂದರೆ ಒಂದೇ ಒಂದು ಹಲ್ಲು ಕೀಳದೆ, ಒಂದೂ ಕ್ಲೀನಿಂಗ್ ಮಾಡದೆ ಇದ್ದರೂ ಲೆಕ್ಕ ಕೂಡುವುದಿಲ್ಲ. ಅರ್ಜಿದಾರರು ಸುಳ್ಳು ಹೇಳಿದ್ದಾರೆ ಎಂದೇನೂ ಅಲ್ಲ. ಕ್ಲಿನಿಕ್‌ನಲ್ಲಿ ನಡೆದ ಎಲ್ಲ ಕೆಲಸವನ್ನೂ ತಮ್ಮ ಹೆಸರಿಗೆ ಬರೆದುಕೊಂಡಿರಬಹುದು. ಆದರೆ ಆ ಕ್ಷಣದಿಂದ ಉಳಿದ ಸಾಲುಗಳ ಮೇಲೂ ಅನುಮಾನ ಶುರುವಾಗುತ್ತದೆ.

ಹಾಗಾಗಿ ಮೊದಲು ಬಿಡಿಸಿಕೊಳ್ಳಬೇಕಾದದ್ದು ರೋಗಿಗಳ ಸಂಖ್ಯೆ ಮತ್ತು ಭೇಟಿಗಳ ಸಂಖ್ಯೆ. ಒಬ್ಬರೇ ರೋಗಿ ಒಂದು ಹಲ್ಲಿಗಾಗಿ ಐದು ಸಲ ಬಂದರೆ ಅದು ಐದು ಭೇಟಿ, ಒಬ್ಬ ರೋಗಿ. ಅಪಾಯಿಂಟ್‌ಮೆಂಟ್ ಪುಸ್ತಕದಲ್ಲೋ ಕ್ಲಿನಿಕ್‌ನ ಸಾಫ್ಟ್‌ವೇರ್‌ನಲ್ಲೋ ಎರಡೂ ಸಿಗುತ್ತವೆ. ಫಿಸಿಯೋಥೆರಪಿಸ್ಟ್‌ಗಳಿಗೂ ಇದೇ ಮಾತು. ಮಂಡಿ ಶಸ್ತ್ರಚಿಕಿತ್ಸೆಯಾದ ಒಬ್ಬರಿಗೆ ವಾರಗಟ್ಟಲೆ ವ್ಯಾಯಾಮ ಮಾಡಿಸಿದ್ದರೆ ಅಷ್ಟೂ ಸೆಷನ್‌ಗಳನ್ನು ರೋಗಿಗಳೆಂದು ಎಣಿಸಲಾಗದು.

ಎರಡನೆಯದು, ಕೆಲಸ ಮಾಡಿದ ಕೈ ಯಾರದು ಎಂಬುದು. ಸಣ್ಣ ಊರಿನ ಎಷ್ಟೋ ಕ್ಲಿನಿಕ್‌ಗಳಲ್ಲಿ ಕಷ್ಟದ ರೂಟ್ ಕೆನಾಲ್ ಮಾಡಲು, ಅಡ್ಡ ಬೆಳೆದ ಬುದ್ಧಿ ಹಲ್ಲು ತೆಗೆಯಲು ಎಂಡಿಎಸ್ ಆದ ತಜ್ಞರು ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಬಿಡಿಎಸ್ ವೈದ್ಯರು ಪಕ್ಕದಲ್ಲಿ ನಿಂತು ನೆರವಾಗುತ್ತಾರೆ. ಅದೂ ಕಲಿಕೆಯೇ, ಆದರೆ ಬೇರೆ ಕಲಿಕೆ. ಸ್ವತಂತ್ರವಾಗಿ ಮಾಡಿದ್ದು, ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದು, ಸಹಾಯಕರಾಗಿ ನಿಂತದ್ದು ಎಂದು ಮೂರು ಪಾಲು ಮಾಡಿ ಬರೆಯುವುದು ಒಳ್ಳೆಯದು. ಕಾಲೇಜಿನ ಇಂಟರ್ನ್‌ಶಿಪ್‌ನಲ್ಲಿ ಮಾಡಿದ್ದನ್ನು ಇದರೊಳಗೆ ಬೆರೆಸದೆ ಬೇರೆ ಸಾಲಿನಲ್ಲಿಡಬೇಕು.

ಮೂರನೆಯದು, ಯಾವ ಹಲ್ಲು. ಮೇಲಿನ ಮುಂಬಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ, ಅದೂ ನೇರ. ಕೆಳಗಿನ ಮೊದಲ ದವಡೆ ಹಲ್ಲಿಗೆ ಹೆಚ್ಚಾಗಿ ಮೂರು, ಕೆಲವೊಮ್ಮೆ ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಮೂರು ಸುಲಭವಾಗಿ ಸಿಕ್ಕರೂ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಹೆಚ್ಚಾಗಿ ಇನ್ನೊಂದು ಸಣ್ಣ ನಾಳ ಅಡಗಿರುತ್ತದೆ. ಅದು ತಪ್ಪಿಹೋದರೆ ತಿಂಗಳುಗಳ ನಂತರ ರೋಗಿ ನೋವೆಂದು ವಾಪಸ್ ಬರಬಹುದು. ಆದ್ದರಿಂದ ‘ರೂಟ್ ಕೆನಾಲ್ 140’ ಎಂಬ ಒಂದೇ ಅಂಕಿಯಿಂದ ಮಾಲೀಕರಿಗೆ ಅಷ್ಟೇನೂ ತಿಳಿಯುವುದಿಲ್ಲ. ಅದನ್ನು ಒಡೆದು ಬರೆದರೆ ಎಲ್ಲ ತಿಳಿಯುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ತುಮಕೂರಿನ ಕ್ಲಿನಿಕ್ ಒಂದರಲ್ಲಿ 20 ತಿಂಗಳು ದುಡಿದ ವೈದ್ಯೆ ಮೈಸೂರಿನಲ್ಲಿ ಕೆಲಸ ಹುಡುಕುತ್ತಿದ್ದಾರೆ ಎಂದುಕೊಳ್ಳಿ. ಅವರ ಪುಟದ ನಡುಭಾಗ ಹೀಗಿರಬಹುದು:

ಅವಧಿ: 20 ತಿಂಗಳು, ಸುಮಾರು 500 ದಿನ. ದಿನಕ್ಕೆ ಸರಾಸರಿ 8 ಭೇಟಿ.
ರೂಟ್ ಕೆನಾಲ್, ಸ್ವತಂತ್ರವಾಗಿ: 140 (ಮುಂಬಲ್ಲು 45, ಕಿರುದವಡೆ ಹಲ್ಲು 40, ದವಡೆ ಹಲ್ಲು 55).
ಕ್ಯಾಪ್: 110.
ಹಲ್ಲು ಕಿತ್ತದ್ದು, ಸ್ವತಂತ್ರವಾಗಿ: 520.
ಅಡ್ಡ ಬೆಳೆದ ಬುದ್ಧಿ ಹಲ್ಲು: 18, ಎಲ್ಲವೂ ಸಹಾಯಕಿಯಾಗಿ.
ಫಿಲ್ಲಿಂಗ್: 900. ಕ್ಲೀನಿಂಗ್: 600.
ಇಂಪ್ಲಾಂಟ್: ಸ್ವತಂತ್ರವಾಗಿ ಮಾಡಿಲ್ಲ.

ತಾಳೆ ಹಾಕಿ. ಒಟ್ಟು ಭೇಟಿ 4,000. ರೂಟ್ ಕೆನಾಲ್‌ಗೆ ಮೂರರಂತೆ 420, ಕ್ಯಾಪ್‌ಗೆ ಎರಡರಂತೆ 220, ಉಳಿದ ಕೆಲಸಗಳಿಗೆ ಒಂದೊಂದೇ ಎಂದರೂ 2,038. ಕೂಡಿದರೆ 2,678. ಮಿಕ್ಕ ಸುಮಾರು 1,300 ಭೇಟಿಗಳು ತಪಾಸಣೆ, ಎಕ್ಸ್‌ರೇ, ಹೊಲಿಗೆ ಬಿಚ್ಚುವುದು, ಔಷಧಿ ಬರೆದು ಕಳಿಸುವುದು ಇಂಥವುಗಳಿಗೆ ಹೋಗಿವೆ. ಕ್ಲಿನಿಕ್ ನಡೆಸಿದವರು ಇದನ್ನು ನಂಬುತ್ತಾರೆ. ಇಂಪ್ಲಾಂಟ್ ಮಾಡಿಲ್ಲ ಎಂಬ ಸಾಲು ಕೂಡ ಅರ್ಜಿಯನ್ನು ಕೆಡಿಸುವುದಿಲ್ಲ. ಮೇಲಿನ ಸಾಲುಗಳಿಗೆ ಅದೇ ಜಾಮೀನು.

ಕೋರ್ಸು, ಕಾರ್ಯಾಗಾರಗಳ ಪಟ್ಟಿಯಲ್ಲಿ ಎಡವುವುದು ಇನ್ನೊಂದು ರೀತಿ. ದಂತವೈದ್ಯರು ಓದು ಮುಗಿದ ಮೇಲೂ ಕಲಿಯುತ್ತಿರಬೇಕು ಎಂಬುದಕ್ಕೆ ಸಿಡಿಇ ಅಂಕಗಳ ವ್ಯವಸ್ಥೆ ಇದೆ. ಉಪನ್ಯಾಸ ಕೇಳಿದರೂ ಅಂಕ ಬರುತ್ತದೆ, ಕೈಯಾರೆ ಮಾಡಿ ಕಲಿತರೂ ಬರುತ್ತದೆ. ಕೆಲಸಕ್ಕೆ ಕರೆಯುವವರಿಗೆ ಬೇಕಾದದ್ದು ಎರಡನೆಯದು. ಹದಿನೈದು ಸರ್ಟಿಫಿಕೇಟ್‌ಗಳ ಹೆಸರು ಸಾಲಾಗಿ ಬರೆಯುವ ಬದಲು ‘ರೋಟರಿ ಫೈಲ್ ಬಳಸಿ ರೂಟ್ ಕೆನಾಲ್: ಎರಡು ದಿನದ ಕಾರ್ಯಾಗಾರ, ಕಿತ್ತ ಹಲ್ಲುಗಳ ಮೇಲೆ ಅಭ್ಯಾಸ. ಆ ಬಳಿಕ ಕ್ಲಿನಿಕ್‌ನಲ್ಲಿ 60 ಹಲ್ಲುಗಳಿಗೆ ಇದೇ ವಿಧಾನ’ ಎಂದು ಬರೆದರೆ ಕಲಿತದ್ದು ಕೈಗೆ ಬಂದಿದೆ ಎಂದು ಗೊತ್ತಾಗುತ್ತದೆ. ಮರಗಟ್ಟಿಸುವ ಚುಚ್ಚುಮದ್ದಿನ ಹೊತ್ತಿಗೆ ರೋಗಿ ತಲೆಸುತ್ತಿ ಬೀಳುವುದು ಅಪರೂಪವಲ್ಲ. ಹಾಗಾಗಿ ಜೀವರಕ್ಷಕ ತರಬೇತಿ, ಅಂದರೆ ಬಿಎಲ್‌ಎಸ್ ಪಡೆದಿದ್ದರೆ ಅದರ ಅವಧಿ ಎಂದು ಮುಗಿಯುತ್ತದೆ ಎಂಬುದನ್ನೂ ಸೇರಿಸಬೇಕು. ಅಲ್ಪಾವಧಿ ಕೋರ್ಸ್ ಮುಗಿಸಿ ‘ರೂಟ್ ಕೆನಾಲ್ ತಜ್ಞ’ ಎಂದು ಬರೆದುಕೊಳ್ಳುವುದು ಮಾತ್ರ ಬೇಡ. ಆ ಮಾತು ಎಂಡಿಎಸ್ ಆದವರಿಗೆ ಸಲ್ಲುತ್ತದೆ.

ಪುಟದ ತಲೆಯಲ್ಲಿ, ಹೆಸರಿನ ಕೆಳಗೇ, ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಮತ್ತು ಅದು ಎಲ್ಲಿಯವರೆಗೆ ಚಾಲ್ತಿ ಎಂಬುದು ಇರಲಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿರಬೇಕು. ಹಾಗಾಗಿ ಅಲ್ಲಿ ಚಿಕಿತ್ಸೆ ಕೊಡುವವರ ಅರ್ಹತೆಯ ದಾಖಲೆ ಮಾಲೀಕರ ಕೈಯಲ್ಲಿ ಇರಲೇಬೇಕು. ಬೇರೆ ರಾಜ್ಯದಲ್ಲಿ ನೋಂದಣಿಯಾದವರು ಅದರ ವರ್ಗಾವಣೆ ಯಾವ ಹಂತದಲ್ಲಿದೆ ಎಂದು ತಾವಾಗಿಯೇ ಬರೆದರೆ ಒಂದು ಫೋನ್ ಕರೆ ಉಳಿಯುತ್ತದೆ.

ಸಂದರ್ಶನಕ್ಕೆ ಹೋಗುವಾಗ ನಾಲ್ಕೈದು ಕೇಸ್‌ಗಳ ಮೊದಲಿನ ಮತ್ತು ನಂತರದ ಎಕ್ಸ್‌ರೇ ಒಯ್ಯುವ ರೂಢಿಯಿದೆ. ಹಳೆಯ ಕ್ಲಿನಿಕ್‌ನ ಒಪ್ಪಿಗೆಯಿಲ್ಲದೆ ಅವನ್ನು ತೆಗೆದುಕೊಂಡು ಬರಬಾರದು. ರೋಗಿಯ ಹೆಸರು, ಫೋನ್ ನಂಬರ್ ಅಳಿಸಿರಬೇಕು, ಮುಖದ ಫೋಟೋ ಇದ್ದರೆ ಆ ರೋಗಿಯೂ ಒಪ್ಪಿರಬೇಕು. ‘ಹಿಂದಿನ ಕಡೆಯ ರೋಗಿಗಳ ಫೋಟೋ ಹೀಗೆ ತಂದವರು ನಾಳೆ ನಮ್ಮ ರೋಗಿಗಳದ್ದೂ ಒಯ್ಯುತ್ತಾರೆ’ ಎಂದು ಎದುರು ಕೂತವರಿಗೆ ಅನ್ನಿಸಿದರೆ ಚೆಂದದ ಎಕ್ಸ್‌ರೇಯೂ ಕೆಲಸಕ್ಕೆ ಬಾರದು.

ಅನೇಕ ಕ್ಲಿನಿಕ್‌ಗಳು ಕೆಲಸ ಖಾಯಂ ಮಾಡುವ ಮುನ್ನ ಒಂದೆರಡು ದಿನ ರೋಗಿಗಳನ್ನು ನೋಡಲು ಬಿಡುತ್ತವೆ. ಆಗ ಯಾವ ಹಲ್ಲು ಕೈಗೆ ಬರಬೇಕು ಎಂಬುದನ್ನು ರೆಸ್ಯೂಮೆ ಓದಿಯೇ ತೀರ್ಮಾನಿಸುತ್ತಾರೆ. 600 ಎಂದು ಬರೆದವರಿಗೆ ಮೊದಲ ದಿನವೇ ಮೇಲಿನ ದವಡೆ ಹಲ್ಲು ಸಿಗಬಹುದು. 55 ಎಂದು ಬರೆದವರಿಗೆ ಅದೇ ಹಲ್ಲು ಸಿಕ್ಕರೂ ಪಕ್ಕದಲ್ಲಿ ಹಿರಿಯರೊಬ್ಬರು ಇರುತ್ತಾರೆ.