ಲೈಟ್ ಗನ್

ಲೈಟ್ ಗನ್ ಎಂಬುದು ದೂರದರ್ಶನ ಪರದೆಯ ಮೇಲಿನ ಗುರಿಗೆ ಆಟಗಾರನು ಗುರಿಯಿಟ್ಟಿರುವನೇ ಎಂಬುದನ್ನು ಪತ್ತೆಹಚ್ಚುವ, ಬಂದೂಕಿನ ಆಕಾರದ ವಿಡಿಯೊ ಗೇಮ್ ಸಾಧನ. ಹೆಸರು ಹೀಗಿದ್ದರೂ ಇದು ಬೆಳಕನ್ನು ಹೊರಸೂಸುವುದಿಲ್ಲ. ಪರದೆಯಿಂದ ಬರುವ ಬೆಳಕನ್ನು ಗ್ರಹಿಸುತ್ತದೆ. ಇದರ ನಳಿಗೆಯೊಳಗೆ ಒಂದು ಮಸೂರವೂ ಅದರ ಹಿಂದೆ ಬೆಳಕಿಗೆ ಸ್ಪಂದಿಸುವ ಫೋಟೊಡಯೋಡ್ ಮೊದಲಾದ ಸಂವೇದಕವೂ ಇರುತ್ತವೆ. ಈ ಸಾಧನವು ಕೊಳವೆ ಪರದೆಯ (ಸಿ.ಆರ್.ಟಿ.) ದೂರದರ್ಶನಗಳ ಕಾರ್ಯವಿಧಾನವನ್ನೇ ಆಧರಿಸಿದೆ.

ಹಿನ್ನೆಲೆ

1936ರಲ್ಲಿ ಸೀಬರ್ಗ್ ಸಂಸ್ಥೆಯು ಹೊರತಂದ ರೇ-ಓ-ಲೈಟ್ ಆಟದಲ್ಲಿ ವ್ಯವಸ್ಥೆ ತಿರುಗುಮುರುಗಾಗಿತ್ತು. ಅಲ್ಲಿ ಬಂದೂಕು ಬೆಳಕನ್ನು ಹಾರಿಸುತ್ತಿತ್ತು, ಚಲಿಸುವ ಬಾತುಕೋಳಿಯ ಗುರಿಯಲ್ಲಿ ಸಂವೇದಕವಿತ್ತು. ದೂರದರ್ಶನದ ಆಟದಲ್ಲಿ ಗುರಿಯು ಕೇವಲ ಚಿತ್ರವಾದ್ದರಿಂದ ಸಂವೇದಕವನ್ನು ಬಂದೂಕಿಗೇ ವರ್ಗಾಯಿಸಬೇಕಾಯಿತು. 1972ರ ಮ್ಯಾಗ್ನಾವಾಕ್ಸ್ ಒಡಿಸ್ಸಿಯ ಬಂದೂಕು ಯಾವುದೇ ಪ್ರಕಾಶಮಾನ ಬೆಳಕಿಗೂ ಸ್ಪಂದಿಸುತ್ತಿತ್ತು. ಹೀಗಾಗಿ ಅದನ್ನು ವಿದ್ಯುತ್ ದೀಪದತ್ತ ಹಿಡಿದರೂ ಗುರಿ ತಾಗಿದಂತೆ ದಾಖಲಾಗುತ್ತಿತ್ತು.

ಕೊಳವೆ ಪರದೆಯ ಕಾರ್ಯ

ಕೊಳವೆ ಪರದೆಯಲ್ಲಿ ಇಡೀ ಚಿತ್ರವು ಒಮ್ಮೆಲೇ ಮೂಡುವುದಿಲ್ಲ. ಎಲೆಕ್ಟ್ರಾನ್ ಕಿರಣವು ಮೇಲಿನ ಎಡಮೂಲೆಯಿಂದ ಆರಂಭಿಸಿ, ಗೆರೆಯ ನಂತರ ಗೆರೆಯಾಗಿ ಕೆಳಗಿನ ಬಲಮೂಲೆಯವರೆಗೆ ಚಲಿಸುತ್ತದೆ. ಕಿರಣ ತಾಗಿದ ಕಡೆ ಫಾಸ್ಫರ್ ಲೇಪವು ಹೊಳೆದು ಬೇಗನೆ ಮಂಕಾಗುತ್ತದೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಒಂದು ಗೆರೆಗೆ 64 ಮೈಕ್ರೊಸೆಕೆಂಡು ಹಿಡಿಯುತ್ತದೆ. ಎಂದರೆ ಸೆಕೆಂಡಿಗೆ 15,625 ಗೆರೆಗಳು ಮೂಡುತ್ತವೆ, ಪರದೆಯು 50 ಬಾರಿ ಮೇಲಿನಿಂದ ಕೆಳಗೆ ತುಂಬುತ್ತದೆ. ಪರದೆಯ ಯಾವ ಬಿಂದು ಯಾವ ಕ್ಷಣದಲ್ಲಿ ಹೊಳೆಯುತ್ತದೆ ಎಂಬುದು ಹೀಗೆ ಮೊದಲೇ ನಿರ್ಧಾರವಾಗಿರುತ್ತದೆ.

ಬಿಳಿ ಚೌಕದ ವಿಧಾನ

ನಿಂಟೆಂಡೊ ಸಂಸ್ಥೆಯ ಝ್ಯಾಪರ್ ಬಂದೂಕು ಮತ್ತು 1984ರ ಡಕ್ ಹಂಟ್ ಆಟ ಈ ವಿಧಾನದ ಪ್ರಸಿದ್ಧ ಉದಾಹರಣೆಗಳು. ಪರದೆಯಲ್ಲಿ ಎರಡು ಬಾತುಕೋಳಿಗಳು ಹಾರುತ್ತಿವೆ ಎಂದಿಟ್ಟುಕೊಳ್ಳಬಹುದು. ಆಟಗಾರನು ಕುದುರೆ ಎಳೆದೊಡನೆ ಆಟವು ಮೊದಲು ಇಡೀ ಪರದೆಯನ್ನು ಕಪ್ಪಾಗಿಸುತ್ತದೆ. ಮುಂದಿನ ಚಿತ್ರದಲ್ಲಿ ಮೊದಲ ಬಾತುಕೋಳಿಯ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕವನ್ನೂ, ಅದರ ಮುಂದಿನ ಚಿತ್ರದಲ್ಲಿ ಎರಡನೆಯದರ ಜಾಗದಲ್ಲಿ ಮಾತ್ರ ಇನ್ನೊಂದು ಚೌಕವನ್ನೂ ಬರೆಯುತ್ತದೆ. ಸೆಕೆಂಡಿಗೆ 50 ಚಿತ್ರಗಳಾದರೆ ಈ ಮೂರಕ್ಕೂ ಸೇರಿ ಹಿಡಿಯುವುದು 60 ಮಿಲಿಸೆಕೆಂಡು. ಕಣ್ಣಿಗೆ ಕಾಣುವುದು ಒಂದು ಮಿಂಚು ಮಾತ್ರ.

ಈ ಅವಧಿಯಲ್ಲಿ ಆಟದ ಕ್ರಮವಿಧಿಯು `$4017` ವಿಳಾಸವನ್ನು ಮತ್ತೆ ಮತ್ತೆ ಓದುತ್ತದೆ. ಅಲ್ಲಿಯ ಒಂದು ಬಿಟ್ ಕುದುರೆಯ ಸ್ಥಿತಿಯನ್ನೂ ಇನ್ನೊಂದು ಬೆಳಕಿನ ಸ್ಥಿತಿಯನ್ನೂ ತಿಳಿಸುತ್ತದೆ. ಬೆಳಕು ಕಂಡ ಸೂಚನೆಯು ಸುಮಾರು 25 ಗೆರೆಗಳ ಕಾಲ, ಎಂದರೆ 2 ಮಿಲಿಸೆಕೆಂಡಿಗಿಂತಲೂ ಕಡಿಮೆ ಅವಧಿ ಮಾತ್ರ ಉಳಿಯುವುದರಿಂದ, ಪ್ರತಿ ಚಿತ್ರಕ್ಕೆ ಒಮ್ಮೆ ಓದಿದರೆ ಸಾಲದು. ಎರಡನೆಯ ಚಿತ್ರದಲ್ಲಿ ಬೆಳಕು ಕಂಡರೆ ಮೊದಲ ಬಾತುಕೋಳಿಯೂ, ಮೂರನೆಯದರಲ್ಲಿ ಕಂಡರೆ ಎರಡನೆಯದೂ ಬೀಳುತ್ತದೆ. ಪೂರ್ಣ ಕಪ್ಪು ಚಿತ್ರದಲ್ಲಿಯೇ ಬೆಳಕು ಕಂಡರೆ ಬಂದೂಕು ಪರದೆಯತ್ತ ಇಲ್ಲವೆಂದು ಸ್ಪಷ್ಟವಾಗುತ್ತದೆ.

ದೀಪದಿಂದ ಮೋಸಹೋಗದಂತೆ ಝ್ಯಾಪರ್‌ನಲ್ಲಿ ಇನ್ನೊಂದು ಏರ್ಪಾಡಿದೆ. ಗೆರೆಗಳು ಒಂದರ ಹಿಂದೊಂದು ಮೂಡುವಾಗ ಉಂಟಾಗುವ, ಸೆಕೆಂಡಿಗೆ ಸುಮಾರು 15,700 ಬಾರಿಯ ಮಿನುಗಿಗೆ ಅದರ ಮಂಡಲವನ್ನು ಹೊಂದಿಸಲಾಗಿದೆ. 50 ಹರ್ಟ್ಸ್ ವಿದ್ಯುತ್ತಿನ ಬಲ್ಬು ಸೆಕೆಂಡಿಗೆ 100 ಬಾರಿ ಮಾತ್ರ ಮಿನುಗುವುದರಿಂದ ಅದು ಸೋಸಿಹೋಗುತ್ತದೆ. ಅಮೆರಿಕ ಮತ್ತು ಭಾರತದ ಪದ್ಧತಿಗಳಲ್ಲಿ ಚಿತ್ರಗಳ ವೇಗ ಬೇರೆಯಾದರೂ ಗೆರೆಗಳ ವೇಗ ಬಹುತೇಕ ಒಂದೇ ಆಗಿದೆ.

ಕಿರಣದ ಕಾಲ ಅಳೆಯುವ ವಿಧಾನ

ಗುರಿಗಳು ಹೆಚ್ಚಿದಂತೆ ಪ್ರತಿಯೊಂದಕ್ಕೂ ಒಂದು ಚಿತ್ರವನ್ನು ಮೀಸಲಿಡುವುದು ಕಷ್ಟ. ಸೆಗಾ ಲೈಟ್ ಫೇಸರ್ ಮತ್ತು ಪ್ಲೇಸ್ಟೇಷನ್ನಿನ ಗನ್‌ಕಾನ್ ಮೊದಲಾದವು ಇದರ ಬದಲು ಕಾಲವನ್ನು ಅಳೆಯುತ್ತವೆ. ಬಂದೂಕಿಗೆ ಬೆಳಕು ಕಂಡ ಕ್ಷಣದಲ್ಲಿ ಕಿರಣವು ಎಷ್ಟನೆಯ ಗೆರೆಯಲ್ಲಿತ್ತು, ಆ ಗೆರೆಯಲ್ಲಿ ಎಷ್ಟು ದೂರ ಸಾಗಿತ್ತು ಎಂಬುದನ್ನು ಎಣಿಕೆಯ ಮಂಡಲವು ದಾಖಲಿಸುತ್ತದೆ. 256 ಬಿಂದುಗಳ ಒಂದು ಸಾಲನ್ನು ಕಿರಣವು ಸುಮಾರು 48 ಮೈಕ್ರೊಸೆಕೆಂಡಿನಲ್ಲಿ ಬರೆಯುತ್ತದೆಂದು ಭಾವಿಸಿದರೆ, ಸಾಲು ಆರಂಭವಾದ 24 ಮೈಕ್ರೊಸೆಕೆಂಡಿಗೆ ಬೆಳಕು ಕಂಡಾಗ ಗುರಿಯು 128ನೆಯ ಬಿಂದುವಿನಲ್ಲಿ, ಎಂದರೆ ನಟ್ಟನಡುವೆ ಇರುತ್ತದೆ.

ಇಲ್ಲಿ ಸಂವೇದಕವು 1 ಮೈಕ್ರೊಸೆಕೆಂಡು ತಡಮಾಡಿದರೂ ಗುರಿಯು ಸುಮಾರು 5 ಬಿಂದುಗಳಷ್ಟು ಬಲಕ್ಕೆ ಸರಿಯುತ್ತದೆ. ಈ ಕಾರಣದಿಂದ ಇಂತಹ ಅನೇಕ ಆಟಗಳು ಆರಂಭದಲ್ಲಿ ಪರದೆಯ ಮಧ್ಯಕ್ಕೆ ಗುಂಡು ಹಾರಿಸುವಂತೆ ಕೇಳಿ, ಕಂಡುಬಂದ ವ್ಯತ್ಯಾಸವನ್ನು ಮುಂದೆ ಕಳೆಯುತ್ತವೆ. ಕಪ್ಪು ಭಾಗದಿಂದ ಬೆಳಕು ಬಾರದಿರುವುದರಿಂದ ಕುದುರೆ ಎಳೆದಾಗ ಪರದೆಯನ್ನು ಕ್ಷಣಕಾಲ ಬೆಳಗಿಸುವುದೂ ಉಂಟು.

ಮಿತಿಗಳು

ಎಲ್.ಸಿ.ಡಿ. ಪರದೆಗಳಲ್ಲಿ ಈ ಬಂದೂಕುಗಳು ಕೆಲಸ ಮಾಡುವುದಿಲ್ಲ. ಅಲ್ಲಿ ಬಿಂದುವಿನಿಂದ ಬಿಂದುವಿಗೆ ಚಲಿಸುವ ಕಿರಣವಿಲ್ಲ. ಹಿಂಬದಿಯ ದೀಪದಿಂದ ಬೆಳಗುವ ಚಿತ್ರವು ಮುಂದಿನದು ಬರುವವರೆಗೂ ಹಾಗೆಯೇ ನಿಂತಿರುತ್ತದೆ. ಆದ್ದರಿಂದ ಅಳೆಯಬೇಕಾದ ಕ್ಷಣವೂ, ಝ್ಯಾಪರ್ ನಿರೀಕ್ಷಿಸುವ ಮಿನುಗೂ ದೊರೆಯುವುದಿಲ್ಲ. ಜೊತೆಗೆ ಪರದೆಯು ಚಿತ್ರವನ್ನು ಸಂಸ್ಕರಿಸಿ ತೋರಿಸಲು ಸಮಯ ತೆಗೆದುಕೊಳ್ಳುವುದರಿಂದ, ಬಿಳಿ ಚೌಕವು ಕಾಣಿಸುವಷ್ಟರಲ್ಲಿ ಆಟವು ಬೆಳಕನ್ನು ಹುಡುಕುವ ಅವಧಿ ಮುಗಿದಿರಬಹುದು. ಕುದುರೆ ಎಳೆದಾಗ ಪರದೆ ಮಿಂಚಿಯೂ ಒಂದೂ ಗುಂಡು ತಾಗದಿರುವುದು ಈ ತೊಂದರೆಯ ಲಕ್ಷಣವಾಗಿದೆ.