ಒಂದು ಕೇಕ್, ನೂರೆಂಬತ್ತು ಫೋನ್

ಶಿವಮೊಗ್ಗದಲ್ಲಿ ನಮ್ಮ ಅತ್ತಿಗೆ ಮನೆಯ ಹಿಂದಿನ ಕೋಣೆಯಲ್ಲೇ ಬೇಕರಿ ನಡೆಸುತ್ತಾರೆ. ಅಂಗಡಿಯಿಲ್ಲ, ಬೋರ್ಡಿಲ್ಲ. ಇರುವುದು ಒಂದು ಓವನ್ನು, ಖಾರಾ ಬನ್, ಬೆಣ್ಣೆ ಬಿಸ್ಕತ್ತು, ಹನಿ ಕೇಕ್. ವಾರದ ಕೊನೆಗೆ ಏನಾದರೊಂದು ಕಡಿಮೆ ಬೆಲೆಗೆ ಕೊಡುವ ರೂಢಿಯಿದೆ. ಆ ಸುದ್ದಿ ತಿಳಿಸಲು ಅವರು ಟೆಲಿಗ್ರಾಂನಲ್ಲಿ ಒಂದು ಗ್ರೂಪ್ ಮಾಡಿದ್ದರು. ವರ್ಷ ತುಂಬುವ ಹೊತ್ತಿಗೆ ಅದರಲ್ಲಿ 180 ಜನರಿದ್ದರು, ಆರ್ಡರ್ ಮಾತ್ರ ಇಳಿಯುತ್ತಾ ಬಂದಿತ್ತು.

“ಜನ ಹೆಚ್ಚಾದಷ್ಟೂ ವ್ಯಾಪಾರ ಕಮ್ಮಿ ಆಗ್ತಿದೆಯಲ್ಲೋ, ಇದೆಂಥ ಲೆಕ್ಕ?” ಎಂದು ಒಂದು ದಿನ ಕೇಳಿದರು. ಲೆಕ್ಕ ನಿಜವಾಗಿಯೂ ಇತ್ತು. ಅವರ ಫೋನ್ ತೆಗೆದುಕೊಂಡು ಒಂದು ಶುಕ್ರವಾರದ ಸಂಜೆಯನ್ನು ಕೂತು ಎಣಿಸಿದೆ.

ಏಳು ಗಂಟೆಗೆ ಅತ್ತಿಗೆ ಹಾಕಿದ್ದು ಒಂದೇ ಸಂದೇಶ: ಹನಿ ಕೇಕ್, ಬೆಲೆ, ಶನಿವಾರ ಹನ್ನೊಂದರೊಳಗೆ ಆರ್ಡರ್. ಅದರ ಬೆನ್ನಿಗೆ ಬಂದವು 23. ಮೊಟ್ಟೆ ಹಾಕ್ತೀರಾ ಎಂದು ಇಬ್ಬರು, ಮನೆಗೆ ತಂದುಕೊಡ್ತೀರಾ ಎಂದು ಮೂವರು, ನನಗೊಂದು ಎಂದು ನಾಲ್ವರು, ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಸಾಲು ಸಾಲು ಶುಭಾಶಯ, ಒಂದು ಗುಲಾಬಿ ಹೂವಿನ ಚಿತ್ರ. ಗ್ರೂಪಿನಲ್ಲಿ ಒಬ್ಬರು ಬರೆದದ್ದು ಉಳಿದ 179 ಜನರ ಫೋನಿಗೂ ಹೋಗುತ್ತದೆ. 24 ಸಂದೇಶ ಗುಣಿಸು 179 ಎಂದರೆ 4,296. ಒಂದು ಹನಿ ಕೇಕಿನ ಸುದ್ದಿಗಾಗಿ ಆ ಸಂಜೆ ಊರಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಗಂಟೆ ಬಾರಿಸಿದ ಹಾಗಾಯಿತು. ಪ್ರತಿ ಗ್ರಾಹಕರ ಪಾಲಿಗೂ 24 ಸಲ ಫೋನ್ ಕರೆದರೆ ಅದರಲ್ಲಿ ಕೆಲಸಕ್ಕೆ ಬರುವುದು ಒಂದು. ಇಂಥ ನಾಲ್ಕು ಶುಕ್ರವಾರ ಕಳೆದ ಮೇಲೆ ಬುದ್ಧಿಯುಳ್ಳವರು ಏನು ಮಾಡುತ್ತಾರೆ? ಗ್ರೂಪಿನ ಸದ್ದಡಗಿಸುತ್ತಾರೆ. ಗ್ರೂಪ್ ಬಿಟ್ಟುಹೋದರೆ ಅತ್ತಿಗೆಗೆ ಗೊತ್ತಾದೀತು. ಸದ್ದಡಗಿಸಿದರೆ ಅದು ಗೊತ್ತಾಗುವುದೇ ಇಲ್ಲ. ಸದಸ್ಯರ ಸಂಖ್ಯೆ 180 ಎಂದೇ ತೋರಿಸುತ್ತಿರುತ್ತದೆ.

ಇದರ ಹಿಂದೆ ಸಂಪರ್ಕ ಜಾಲಗಳ ಒಂದು ಹಳೆಯ ಲೆಕ್ಕವಿದೆ. ರೇಡಿಯೋದಂಥ ಪ್ರಸಾರದಲ್ಲಿ ಹೇಳುವವರು ಒಬ್ಬರು, ಕೇಳುವವರು ಹಲವರು. ಅಲ್ಲಿ ಕೇಳುಗರು ಎರಡು ಪಟ್ಟಾದರೆ ಎಳೆಗಳೂ ಎರಡು ಪಟ್ಟಾಗುತ್ತವೆ, ಅಷ್ಟೇ. ಎಲ್ಲರೂ ಎಲ್ಲರೊಡನೆ ಮಾತಾಡಬಲ್ಲ ಜಾಲದಲ್ಲಿ ಹಾಗಲ್ಲ. ಹತ್ತು ಜನರಿದ್ದರೆ 45 ಜೋಡಿ, 180 ಜನರಿದ್ದರೆ 16,110 ಜೋಡಿ. ಜನರ ಸಂಖ್ಯೆಯ ವರ್ಗದಂತೆ ಎಳೆಗಳು ಬೆಳೆಯುತ್ತವೆ. ಜಾಲದ ಬೆಲೆಯೂ ಹೀಗೇ ಬೆಳೆಯುತ್ತದೆ ಎಂಬ ಮಾತಿಗೆ ಈಥರ್ನೆಟ್ ರೂಪಿಸಿದವರಲ್ಲಿ ಒಬ್ಬರಾದ ರಾಬರ್ಟ್ ಮೆಟ್‌ಕಾಫ್ ಹೆಸರಿನಲ್ಲಿ ಒಂದು ನಿಯಮವೇ ಇದೆ. ದೂರವಾಣಿಗೆ ಅದು ಸರಿ, ನಾನು ಯಾರಿಗೆ ಬೇಕಾದರೂ ಕರೆ ಮಾಡಬಹುದೆಂಬುದೇ ಅದರ ಬೆಲೆ. ಆದರೆ ಹನಿ ಕೇಕ್ ಕೊಳ್ಳುವ ಇಬ್ಬರು ಒಬ್ಬರೊಡನೊಬ್ಬರು ಮಾತಾಡಬೇಕಾದ ಕಾರಣವೇನು? ಅತ್ತಿಗೆಗೆ ಬೇಕಿರುವುದು ತಮ್ಮಿಂದ ಹೊರಡುವ 179 ಎಳೆ. ಉಳಿದ ಸುಮಾರು ಹದಿನಾರು ಸಾವಿರ ಬರೀ ಗದ್ದಲದ ದಾರಿ. ಗ್ರೂಪ್ ಬೆಳೆದಷ್ಟೂ ವ್ಯಾಪಾರ ಸೊರಗಿದ್ದು ಹೀಗೆ.

ಟೆಲಿಗ್ರಾಂ 2015ರಲ್ಲಿ ತಂದ ಚಾನೆಲ್ ಈ ಎಳೆಗಳನ್ನು ಕತ್ತರಿಸುತ್ತದೆ. ಚಾನೆಲ್‌ನಲ್ಲಿ ಬರೆಯುವವರು ಅಡ್ಮಿನ್ ಮಾತ್ರ, ಸಂದೇಶ ಕಾಣುವುದು ಬೇಕರಿಯ ಹೆಸರಿನಲ್ಲಿ. ಚಂದಾದಾರರಿಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ, ಪಟ್ಟಿ ನೋಡಬಲ್ಲವರು ಅಡ್ಮಿನ್ ಒಬ್ಬರೇ. ಗ್ರೂಪಿಗೆ ಎರಡು ಲಕ್ಷ ಸದಸ್ಯರ ಮಿತಿಯಿದ್ದರೆ ಚಾನೆಲ್‌ಗೆ ಮಿತಿಯಿಲ್ಲ ಎಂಬ ವ್ಯತ್ಯಾಸವನ್ನು ಎಲ್ಲರೂ ಮೊದಲು ಹೇಳುತ್ತಾರೆ. ಒಂದು ಓವನ್ನಿನ ಬೇಕರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಮುಖ್ಯವಾದದ್ದು ಸದಸ್ಯರ ಪಟ್ಟಿ ಯಾರಿಗೆ ಕಾಣುತ್ತದೆ ಎಂಬುದು.

ಏಕೆಂದರೆ ಗ್ರೂಪಿನಲ್ಲಿ ಯಾರ ಹೆಸರು ಒತ್ತಿದರೂ ಅವರಿಗೆ ನೇರವಾಗಿ ಸಂದೇಶ ಕಳಿಸಬಹುದು. ಪಕ್ಕದ ಬೀದಿಯ ಇನ್ನೊಬ್ಬ ಬೇಕರಿಯವರು ಸದಸ್ಯರಾಗಿ ಸೇರಿ ನಿಮ್ಮ ಗ್ರಾಹಕರಿಗೆಲ್ಲ ತಮ್ಮ ಬೆಲೆಪಟ್ಟಿ ಕಳಿಸಿದರೆ ಅದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಅತ್ತಿಗೆಯ ಫೋಟೊ, ಹೆಸರು ನಕಲು ಮಾಡಿಕೊಂಡು ಯಾರೋ ಒಬ್ಬರು ಮೂವರು ಗ್ರಾಹಕರಿಗೆ “ಹಬ್ಬದ ಆರ್ಡರ್‌ಗೆ ಮುಂಗಡ ಕಳಿಸಿ” ಎಂದು ಬರೆದಿದ್ದರು. ಒಬ್ಬರು ಫೋನ್ ಮಾಡಿ ಕೇಳಿದ್ದರಿಂದ ದುಡ್ಡು ಉಳಿಯಿತು. ಮೋಸಗಾರರಿಗೆ ಬೇಕಾದದ್ದು ಯಾರು ಯಾರ ಗ್ರಾಹಕರು ಎಂಬ ಪಟ್ಟಿ, ಗ್ರೂಪ್ ಅದನ್ನು ಬಾಗಿಲಲ್ಲೇ ತೂಗುಹಾಕಿರುತ್ತದೆ.

ಹಾಗಾದರೆ ಗ್ರೂಪಿನಲ್ಲೇ ಎಲ್ಲರ ಬಾಯಿಗೆ ಬೀಗ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಸದಸ್ಯರು ಸಂದೇಶ ಕಳಿಸದಂತೆ ಅನುಮತಿ ತೆಗೆಯಬಹುದು, ನಿಜ. ಗದ್ದಲ ನಿಲ್ಲುತ್ತದೆ. ಆದರೆ ಪಟ್ಟಿ ಹಾಗೆಯೇ ಕಾಣುತ್ತಿರುತ್ತದೆ. ಅದನ್ನು ಮರೆಮಾಡುವ ಸೌಲಭ್ಯ ಸಿಗುವುದು ಗ್ರೂಪಿನಲ್ಲಿ ನೂರಕ್ಕೂ ಹೆಚ್ಚು ಜನರಾದ ಮೇಲೆ. ಜೊತೆಗೆ ಚಾನೆಲ್‌ನ ಬಹಳ ಉಪಯುಕ್ತ ಸಂಗತಿಯೊಂದು ಗ್ರೂಪಿನಲ್ಲಿಲ್ಲ. ಅದೇ ಕಣ್ಣಿನ ಗುರುತು.

ಚಾನೆಲ್‌ನ ಪ್ರತಿ ಸಂದೇಶದ ಕೆಳಗೆ ಪುಟ್ಟ ಕಣ್ಣು, ಪಕ್ಕದಲ್ಲಿ ಒಂದು ಅಂಕಿ. ಎಷ್ಟು ಸಲ ನೋಡಲಾಗಿದೆ ಎಂಬುದರ ಲೆಕ್ಕ ಅದು. ಅತ್ತಿಗೆ ಚಾನೆಲ್‌ಗೆ ಬಂದ ಮೇಲೆ ನಾವು ಕಲಿತದ್ದೆಲ್ಲ ಈ ಅಂಕಿಯಿಂದ. ಒಂದು ವಾರ ಬೆಣ್ಣೆ ಬಿಸ್ಕತ್ತಿನ ಆಫರ್‌ಗೆ ಕಣ್ಣು 140 ತೋರಿಸಿತು, ಆರ್ಡರ್ ಬಂದದ್ದು ಮೂರು. ನೋಡಿದ್ದಾರೆ, ಬೇಡವೆಂದಿದ್ದಾರೆ, ಅಂದರೆ ತೊಂದರೆ ಬೆಲೆಯಲ್ಲೋ ಬಿಸ್ಕತ್ತಿನಲ್ಲೋ ಇದೆ. ಇನ್ನೊಂದು ವಾರ ಖಾರಾ ಬನ್ನಿನ ಸುದ್ದಿ ಮಧ್ಯಾಹ್ನ ಎರಡಕ್ಕೆ ಹೋಯಿತು. ಆರ್ಡರಿನ ಗಡುವು ಮುಗಿಯುವ ಹೊತ್ತಿಗೆ ಕಣ್ಣು ಇನ್ನೂ 38. ಅಲ್ಲಿ ಬನ್ನಿನ ತಪ್ಪೇನೂ ಇಲ್ಲ, ಹೊತ್ತಿನ ತಪ್ಪು. ಗ್ರೂಪಿನಲ್ಲಿ ಈ ಎರಡೂ ಸೋಲು ಒಂದೇ ಥರ ಕಾಣುತ್ತಿದ್ದವು. ಅತ್ತಿಗೆ ಎರಡಕ್ಕೂ ಬೆಲೆ ಇಳಿಸುತ್ತಿದ್ದರು, ಅದೂ ಹಿಂದೆಮುಂದೆ ನೋಡದೆ.

ಕಣ್ಣನ್ನು ಅತಿಯಾಗಿ ನಂಬಲೂಬಾರದು. ಒಮ್ಮೆ ಅದು ಚಂದಾದಾರರ ಸಂಖ್ಯೆಗಿಂತ ಹೆಚ್ಚಾಗಿ 212 ತೋರಿಸಿ ಅತ್ತಿಗೆಯನ್ನು ಗಾಬರಿ ಮಾಡಿತು. ಯಾರಾದರೂ ಸಂದೇಶವನ್ನು ಬೇರೆಡೆಗೆ ದಾಟಿಸಿದರೆ ಅಲ್ಲಿ ನೋಡಿದವರೂ ಇದೇ ಲೆಕ್ಕಕ್ಕೆ ಸೇರುತ್ತಾರೆ. ಪರದೆಯ ಮೇಲೆ ಸರಿದುಹೋದದ್ದೂ ನೋಟವೇ, ಓದಿದ್ದಾರೆಂದೇನೂ ಇಲ್ಲ.

ಈಗ ಆ ಶುಕ್ರವಾರದ ಕೆಲಸ ಹೀಗೆ ನಡೆಯುತ್ತದೆ. ಬಿಡುವಿದ್ದಾಗಲೇ ಅತ್ತಿಗೆ ಫೋಟೊ ತೆಗೆದು ಸಂದೇಶ ಬರೆದಿಡುತ್ತಾರೆ. ಕಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ Schedule Message ಎಂದು ಬರುತ್ತದೆ, ಅಲ್ಲಿ ಸಂಜೆ ಏಳು ಎಂದು ಹೊತ್ತು ಕೊಟ್ಟರಾಯಿತು. ಸಂದೇಶದಲ್ಲಿ ಬೆಲೆ, ಎಷ್ಟು ಕೇಕ್ ಇದೆ, ಕೊನೆಯ ಗಂಟೆ, ಮೊಟ್ಟೆ ಹಾಕಿದೆಯೋ ಇಲ್ಲವೋ ಎಲ್ಲ ಇರುತ್ತದೆ. ಗ್ರೂಪಿನಲ್ಲಿ ಬರುತ್ತಿದ್ದ ಪ್ರಶ್ನೆಗಳಲ್ಲಿ ಹಲವಕ್ಕೆ ಉತ್ತರ ಅಲ್ಲೇ ಸಿಕ್ಕಿತು. ಕೊನೆಯ ಸಾಲಿನಲ್ಲಿ ಅತ್ತಿಗೆಯ ಸ್ವಂತ ಖಾತೆಯ ಕೊಂಡಿ, ಅದನ್ನು ಒತ್ತಿದರೆ ಅವರೊಡನೆ ನೇರ ಮಾತು. ಆರ್ಡರ್ ಅಲ್ಲಿ, ಚೌಕಾಸಿಯೂ ಅಲ್ಲಿ. ನಾದಿನಿಗೆ ಹತ್ತು ರೂಪಾಯಿ ಕಡಿಮೆ ಮಾಡಿದ್ದು ಊರಿಗೆಲ್ಲ ಕಾಣುವುದಿಲ್ಲ.

ಕೇಕ್ ಮುಗಿದ ಕೂಡಲೇ ಹಳೆಯ ಸಂದೇಶವನ್ನೇ ತಿದ್ದಿ ಮೇಲ್ಗಡೆ “ಮುಗಿದಿದೆ” ಎಂದು ಸೇರಿಸುತ್ತಾರೆ. ಚಾನೆಲ್‌ನ ಸಂದೇಶವನ್ನು ಎಷ್ಟು ದಿನದ ಮೇಲೂ ತಿದ್ದಬಹುದು, ತಿದ್ದಿದರೆ ಯಾರ ಫೋನೂ ಸದ್ದು ಮಾಡುವುದಿಲ್ಲ. ಆದರೆ ಬೇರೆಡೆಗೆ ದಾಟಿಸಿದ ಪ್ರತಿ ಮಾತ್ರ ಹಳೆಯದಾಗಿಯೇ ಉಳಿಯುತ್ತದೆ. ಹದಿನೈದು ದಿನ ಬಿಟ್ಟು ಭದ್ರಾವತಿಯಿಂದ ಯಾರೋ ಹಳೆಯ ಬೆಲೆಗೆ ಕೇಕ್ ಕೇಳಿಕೊಂಡು ಬಂದ ಮೇಲೆ, ಪ್ರತಿ ಆಫರಿನ ಮೊದಲ ಸಾಲಿನಲ್ಲೇ ತಾರೀಖು ಬರೆಯುವುದನ್ನು ಅತ್ತಿಗೆ ಕಲಿತರು.

ಎಲ್ಲ ಕಡೆಯೂ ಚಾನೆಲ್ಲೇ ಸರಿ ಎಂದು ನಾನು ಹೇಳಲಾರೆ. ಅತ್ತಿಗೆಯ ಮನೆಯ ಹತ್ತಿರದ ಒಂದು ಅಪಾರ್ಟ್‌ಮೆಂಟಿನವರದ್ದು ಬೇರೆ ಕಥೆ. ಒಂದು ಟ್ರೇಯಲ್ಲಿ 16 ಖಾರಾ ಬನ್ ಬೇಯುತ್ತವೆ. ನಾಲ್ಕು ಬನ್ನಿಗಾಗಿ ಓವನ್ ಕಾಯಿಸಿದರೆ ಕರೆಂಟಿನ ದುಡ್ಡೂ ಹುಟ್ಟುವುದಿಲ್ಲ. ಹಾಗಾಗಿ ಅವರಿಗೆ ಇಟ್ಟ ಷರತ್ತು, ಟ್ರೇ ತುಂಬಿದರೆ ಮಾತ್ರ ಸಂಜೆ ಬಿಸಿ ಬನ್. ಇಲ್ಲಿ ಒಬ್ಬರ ಆರ್ಡರ್ ಇನ್ನೊಬ್ಬರಿಗೆ ಕಾಣಲೇಬೇಕು. “ಹನ್ನೆರಡಾಯ್ತು, ಇನ್ನು ನಾಲ್ಕು ಬೇಕು” ಎಂದು ಒಬ್ಬರು ಬರೆದರೆ ಮೂರನೇ ಮಹಡಿಯವರು ನಾಲ್ಕು ಸೇರಿಸುತ್ತಾರೆ, ಇಳಿದು ಬರುವ ಒಬ್ಬರು ಎಲ್ಲರದ್ದನ್ನೂ ಒಯ್ಯುತ್ತಾರೆ. ಗ್ರಾಹಕರ ನಡುವಿನ ಎಳೆಗೆ ಇಲ್ಲಿ ಕೆಲಸವಿದೆ. ಆ 22 ಜನರದ್ದು ಇಂದಿಗೂ ಗ್ರೂಪೇ. ಅವರೆಲ್ಲ ಮೊದಲೇ ಪರಿಚಯದವರು, ಪಟ್ಟಿ ಕಂಡರೆ ಕಳೆದುಕೊಳ್ಳುವುದೇನಿಲ್ಲ. ಗ್ರೂಪ್ ಬೇಕೋ ಚಾನೆಲ್ ಬೇಕೋ ಎಂದು ಕೇಳುವವರಿಗೆ ನಾನು ಮರುಪ್ರಶ್ನೆ ಹಾಕುವುದು ಇದನ್ನೇ: ನಿಮ್ಮ ಒಬ್ಬ ಗ್ರಾಹಕರ ಮಾತು ಇನ್ನೊಬ್ಬರಿಗೆ ಕೇಳಿಸಿದರೆ ನಿಮ್ಮ ಟ್ರೇ ತುಂಬುತ್ತದೆಯೇ?

ಎರಡನ್ನೂ ಜೋಡಿಸುವ ದಾರಿಯೂ ಇದೆ. ಚಾನೆಲ್‌ಗೆ ಒಂದು ಚರ್ಚಾ ಗ್ರೂಪನ್ನು ಅಂಟಿಸಿದರೆ ಪ್ರತಿ ಆಫರಿನ ಕೆಳಗೆ ಗ್ರಾಹಕರು ಬರೆಯಬಹುದು. ಅತ್ತಿಗೆ ಒಂದು ತಿಂಗಳು ಇಟ್ಟು ನೋಡಿ ತೆಗೆದರು. ಬನ್ ಗಟ್ಟಿಯಾಗಿತ್ತು ಎಂದು ಒಬ್ಬರು ಬರೆದರೆ ಅದಕ್ಕೆ ತಕ್ಷಣ ಉತ್ತರ ಕೊಡಬೇಕು, ಕೈ ತುಂಬ ಮೈದಾ ಇರುವಾಗ ಅದು ಆಗದ ಕೆಲಸ. ಸಹಾಯಕ್ಕೆ ಇನ್ನೊಬ್ಬರಿದ್ದರೆ ಇಡಬಹುದು.

ಈಗಾಗಲೇ ಗ್ರೂಪ್ ಮಾಡಿಕೊಂಡು ಕೂತಿರುವವರಿಗೆ ಒಂದು ಮಾತು. ಗ್ರೂಪನ್ನು ಚಾನೆಲ್ ಆಗಿ ಬದಲಿಸುವ ಗುಂಡಿ ಟೆಲಿಗ್ರಾಂನಲ್ಲಿಲ್ಲ, New Channel ಒತ್ತಿ ಹೊಸದಾಗಿಯೇ ಮಾಡಬೇಕು. ಮೊದಲ 200 ಜನರನ್ನು ನೀವೇ ಎಳೆದು ಸೇರಿಸಲು ಅವಕಾಶವಿದೆ, ಹಾಗೆ ಮಾಡಬೇಡಿ. ಕೇಳದೆ ಸೇರಿಸಿದರೆ ಜನ ಮೊದಲು ಮಾಡುವುದೇ ಸದ್ದಡಗಿಸುವ ಕೆಲಸ. ಕೊಂಡಿಗಳನ್ನು ಬೇರೆಬೇರೆ ಮಾಡಿ, ಒಂದು ಹಳೆಯ ಗ್ರೂಪಿಗೆ, ಒಂದು ಕೇಕ್ ಡಬ್ಬದ ಚೀಟಿಗೆ. ಯಾವ ಕೊಂಡಿಯಿಂದ ಎಷ್ಟು ಜನ ಬಂದರು ಎಂದು ಟೆಲಿಗ್ರಾಂ ತೋರಿಸುತ್ತದೆ. ಕೊಂಡಿಯನ್ನು ಹಳೆಯ ಗ್ರೂಪಿನ ನೆತ್ತಿಗೆ ಪಿನ್ ಮಾಡಿ, ಸಂದೇಶದ ಅನುಮತಿ ತೆಗೆದು, ಒಂದು ತಿಂಗಳು ಹಾಗೇ ಬಿಡಿ. ಅತ್ತಿಗೆಯ 180 ಜನರಲ್ಲಿ ಆ ತಿಂಗಳಲ್ಲಿ ದಾಟಿ ಬಂದವರು 97. ಹನಿ ಕೇಕ್ ಕೊಳ್ಳುತ್ತಿದ್ದವರೆಲ್ಲ ಆ 97ರಲ್ಲೇ ಇದ್ದರು.